ಆಫೀಸ್ ಪ್ರಿಂಟರ್‌ಗೆ ಬೀಗ: ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಬೇಡದ ಪ್ರೋಟೊಕಾಲ್ ಮುಚ್ಚುವ ಸರಿಯಾದ ಕ್ರಮ

ನೆಟ್‌ವರ್ಕ್ ಪ್ರಿಂಟರ್‌ನ್ನು ಭದ್ರ ಮಾಡಲು ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಸೆಟ್ಟಿಂಗ್ ಪುಟ ತೆರೆದು, ಅಲ್ಲಿರುವ ಪ್ರೋಟೊಕಾಲ್‌ಗಳಲ್ಲಿ, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರಿಂಟರ್ ಜೊತೆ ಮಾತಾಡುವ ವಿಧಾನಗಳಲ್ಲಿ, ಪರಿಚಯವಿಲ್ಲದ ಹೆಸರುಗಳನ್ನೆಲ್ಲ ಒಂದೇ ಏಟಿಗೆ ಆಫ್ ಮಾಡುತ್ತಾರೆ. ಮರುದಿನ ಬೆಳಗ್ಗೆ ಅರ್ಧ ಆಫೀಸಿಗೆ ಪ್ರಿಂಟರ್ `Offline`. ಯಾವುದನ್ನು ಮುಚ್ಚಿದ್ದರಿಂದ ಹೀಗಾಯಿತು ಅಂತ ಗೊತ್ತಾಗುವುದಿಲ್ಲ. ಗಡಿಬಿಡಿಯಲ್ಲಿ ಎಲ್ಲವನ್ನೂ ಮತ್ತೆ ಆನ್ ಮಾಡುತ್ತಾರೆ. ಆಮೇಲೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ.

ಇಲ್ಲಿ ಕೆಟ್ಟಿದ್ದು ಕ್ರಮ. ಮೊದಲು ಪಾಸ್‌ವರ್ಡ್, ಆಮೇಲೆ ಯಾರು ಯಾವ ದಾರಿಯಲ್ಲಿ ಪ್ರಿಂಟ್ ಕೊಡುತ್ತಿದ್ದಾರೆ ಅನ್ನುವ ಲೆಕ್ಕ, ಆಮೇಲೆ ಕಂಪ್ಯೂಟರ್‌ಗಳ ಕಡೆಯ ಬದಲಾವಣೆ, ಕೊನೆಗೆ ಪ್ರಿಂಟರ್ ಕಡೆ ಮುಚ್ಚುವ ಕೆಲಸ. ಈ ಸರದಿ ತಪ್ಪದಿದ್ದರೆ ಯಾರ ಪ್ರಿಂಟೂ ನಿಲ್ಲುವುದಿಲ್ಲ.

ಉದಾಹರಣೆಗೆ ಒಂದು ಆಫೀಸ್ ಇಟ್ಟುಕೊಳ್ಳೋಣ. ಹನ್ನೆರಡು ವಿಂಡೋಸ್ ಕಂಪ್ಯೂಟರ್, ಎರಡು ಮ್ಯಾಕ್, ಪ್ರಿಂಟ್ ಮತ್ತು ಸ್ಕ್ಯಾನ್ ಎರಡೂ ಮಾಡುವ ಒಂದು ಮೆಷಿನ್. ಅದರ ಐಪಿ ವಿಳಾಸ `192.168.1.50`. ಸ್ಕ್ಯಾನ್ ಆದ ಫೈಲುಗಳು ಸರ್ವರ್‌ನ ಒಂದು ಹಂಚಿಕೆಯ ಫೋಲ್ಡರ್‌ಗೆ ಹೋಗುತ್ತವೆ. ಪ್ರಿಂಟ್ ಸರ್ವರ್ ಇಲ್ಲ, ಪ್ರತಿ ಕಂಪ್ಯೂಟರ್ ನೇರವಾಗಿ ಪ್ರಿಂಟರ್‌ಗೇ ಮಾತಾಡುತ್ತದೆ.

## ಕೈಯಲ್ಲಿ ಏನೇನಿರಬೇಕು

ಅದೇ ನೆಟ್‌ವರ್ಕ್‌ನಲ್ಲಿರುವ ಒಂದು ಲ್ಯಾಪ್‌ಟಾಪ್, ಬ್ರೌಸರ್, ಮೆಷಿನ್‌ನಲ್ಲಿ ಯಾವ ಪೋರ್ಟ್, ಅಂದರೆ ನೆಟ್‌ವರ್ಕ್ ಬಾಗಿಲು, ತೆರೆದಿದೆ ಎಂದು ತೋರಿಸುವ ಎನ್‌ಮ್ಯಾಪ್ ಎಂಬ ಉಚಿತ ಟೂಲ್, ಕೊನೆಯ ಹಂತದ `snmpget` ಆಜ್ಞೆಗೆ ನೆಟ್-ಎಸ್‌ಎನ್‌ಎಂಪಿ ಎಂಬ ಟೂಲ್, ರೌಟರ್‌ಗೆ ಲಾಗಿನ್, ಪಾಸ್‌ವರ್ಡ್ ಮ್ಯಾನೇಜರ್. ಇಷ್ಟು ಸಾಕು. ಎನ್‌ಮ್ಯಾಪ್‌ನಿಂದ ಪ್ರಿಂಟರ್ ಪರಿಶೀಲಿಸುವ ಮೊದಲು ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಒಂದು ಮಾತು ಹೇಳಿ. ಇಲ್ಲದಿದ್ದರೆ ಅವರ ಕಡೆ ಸುಮ್ನೆ ಗಾಬರಿ ಆಗುತ್ತದೆ.

## ಹಂತ 1: ಈಗ ಹೇಗಿದೆ ಅಂತ ಹಿಡಿದಿಟ್ಟುಕೊಳ್ಳಿ

ಪ್ರಿಂಟರ್‌ನ ಪ್ಯಾನೆಲ್‌ನಿಂದ ಕಾನ್ಫಿಗರೇಷನ್ ಪುಟವನ್ನು ಪ್ರಿಂಟ್ ತೆಗೆಯಿರಿ. ಐಪಿ ವಿಳಾಸ, ಫರ್ಮ್‌ವೇರ್ ಆವೃತ್ತಿ, ಯಾವ ಪ್ರೋಟೊಕಾಲ್ ಆನ್ ಇದೆ ಎಂಬುದು ಹೆಚ್ಚಿನ ಮಾದರಿಗಳಲ್ಲಿ ಅದೇ ಹಾಳೆಯಲ್ಲಿ ಸಿಗುತ್ತದೆ. ಸೆಟ್ಟಿಂಗ್‌ಗಳನ್ನು ಫೈಲಿಗೆ ಉಳಿಸುವ ಸೌಲಭ್ಯ ಇದ್ದರೆ ಅದನ್ನೂ ಮಾಡಿ. ಸ್ಕ್ಯಾನ್ ವಿಳಾಸಗಳ ಪಟ್ಟಿಯನ್ನು ಬೇರೆಯಾಗಿ ಉಳಿಸಿಕೊಳ್ಳಿ. ಹೊಸ ಪಾಸ್‌ವರ್ಡ್ ಮರೆತರೆ ಬಹಳಷ್ಟು ಮೆಷಿನ್‌ಗಳಲ್ಲಿ ಫ್ಯಾಕ್ಟರಿ ರೀಸೆಟ್ ಒಂದೇ ದಾರಿ, ಆಗ ಮೊದಲು ಹೋಗುವುದೇ ಆ ಪಟ್ಟಿ.

ರೌಟರ್‌ನಲ್ಲಿ ಈ ಪ್ರಿಂಟರ್‌ಗೆ ಅದೇ ಐಪಿ ಯಾವಾಗಲೂ ಸಿಗುವಂತೆ ಕಾಯ್ದಿರಿಸಿ. ಇದನ್ನು ಬಿಟ್ಟವರಿಗೆ ನಾಲ್ಕನೇ ಹಂತ ಕೈಕೊಡುತ್ತದೆ. ಅಲ್ಲಿ ನಾವು ಕಂಪ್ಯೂಟರ್‌ಗಳಿಗೆ ಐಪಿಯನ್ನೇ ಬರೆದು ಕೊಡುತ್ತೇವೆ. ಪ್ರಿಂಟರ್ ರೀಸ್ಟಾರ್ಟ್ ಆದಾಗ ವಿಳಾಸ ಬದಲಾದರೆ ಎಲ್ಲರಿಗೂ ಒಟ್ಟಿಗೇ ಪ್ರಿಂಟ್ ನಿಲ್ಲುತ್ತದೆ.

ಫರ್ಮ್‌ವೇರ್ ಅಪ್‌ಡೇಟ್ ಬಾಕಿ ಇದ್ದರೆ ಈಗಲೇ ಮುಗಿಸಿ. ಕೆಲವು ಅಪ್‌ಡೇಟ್‌ಗಳು ಪ್ರೋಟೊಕಾಲ್ ಸೆಟ್ಟಿಂಗ್‌ಗಳನ್ನು ಹಳೆಯ ಸ್ಥಿತಿಗೆ ತರುತ್ತವೆ. ಕೊನೆಯಲ್ಲಿ ಅಪ್‌ಡೇಟ್ ಮಾಡಿದರೆ ಅಷ್ಟೂ ಕೆಲಸ ಇನ್ನೊಮ್ಮೆ ಮಾಡಬೇಕಾದೀತು.

## ಹಂತ 2: ಅಡ್ಮಿನ್ ಪಾಸ್‌ವರ್ಡ್ ಬದಲಿಸಿ

ಬ್ರೌಸರ್‌ನಲ್ಲಿ `https://192.168.1.50` ತೆರೆಯಿರಿ. `https` ಅನ್ನೇ ಟೈಪ್ ಮಾಡಿ, ಇಲ್ಲದಿದ್ದರೆ ಹೊಸ ಪಾಸ್‌ವರ್ಡ್ ನೆಟ್‌ವರ್ಕ್‌ನಲ್ಲಿ ಬಯಲಾಗಿ ಹೋಗುವ ಸಾಧ್ಯತೆ ಇದೆ. ಬ್ರೌಸರ್ ಸರ್ಟಿಫಿಕೇಟ್ ಬಗ್ಗೆ ಎಚ್ಚರಿಕೆ ತೋರಿಸುತ್ತದೆ. ಪ್ರಿಂಟರ್ ತನ್ನ ಸರ್ಟಿಫಿಕೇಟ್‌ಗೆ ತಾನೇ ಸಹಿ ಹಾಕಿಕೊಂಡಿರುವುದರಿಂದ ಹೀಗೆ. ವಿಳಾಸ ಸರಿಯಾಗಿದೆಯೇ ಎಂದು ಕಾನ್ಫಿಗರೇಷನ್ ಹಾಳೆಯೊಂದಿಗೆ ತಾಳೆ ನೋಡಿ ಮುಂದುವರಿಯಿರಿ.

ಹಳೆಯ ಮಾದರಿಗಳಲ್ಲಿ ಪಾಸ್‌ವರ್ಡ್ ಖಾಲಿ ಇರುತ್ತದೆ, ಅಥವಾ ಆ ಕಂಪನಿಯ ಎಲ್ಲ ಮೆಷಿನ್‌ಗೂ ಒಂದೇ ಇರುತ್ತದೆ. ಹೊಸ ಮಾದರಿಗಳ ಹಿಂಬದಿಯ ಸ್ಟಿಕ್ಕರ್‌ನಲ್ಲಿ ಒಂದೊಂದು ಮೆಷಿನ್‌ಗೆ ಒಂದೊಂದು ಪಾಸ್‌ವರ್ಡ್ ಇರುತ್ತದೆ. "ನಮ್ಮದರಲ್ಲಿ ಆಗಲೇ ಬೇರೆ ಪಾಸ್‌ವರ್ಡ್ ಇದೆಯಲ್ಲ, ಬದಲಿಸುವುದು ಯಾಕೆ?" ಎಂದು ಇಲ್ಲೇ ಕೈಬಿಡುವವರು ಜಾಸ್ತಿ. ಅದು ಸಾಲದು. 2025ರ ಜೂನ್‌ನಲ್ಲಿ ರ್‍ಯಾಪಿಡ್7 ಎಂಬ ಭದ್ರತಾ ಕಂಪನಿ ಪ್ರಕಟಿಸಿದ `CVE-2024-51978` ಎಂಬ ದೋಷ ನೋಡಿ. ಬ್ರದರ್ ಕಂಪನಿಯ ನೂರಾರು ಮಾದರಿಗಳಲ್ಲಿ ಸ್ಟಿಕ್ಕರ್ ಪಾಸ್‌ವರ್ಡ್‌ನ್ನು ಸೀರಿಯಲ್ ನಂಬರ್‌ನಿಂದಲೇ ಲೆಕ್ಕ ಹಾಕಿ ತೆಗೆಯಬಹುದು. ಸೀರಿಯಲ್ ನಂಬರ್‌ನ್ನೋ ಪ್ರಿಂಟರ್ ನೆಟ್‌ವರ್ಕ್‌ನಲ್ಲಿ ಕೇಳಿದವರಿಗೆಲ್ಲ ಹೇಳುತ್ತದೆ. ಆಗಲೇ ತಯಾರಾದ ಮೆಷಿನ್‌ಗಳಲ್ಲಿ ಇದನ್ನು ಫರ್ಮ್‌ವೇರ್‌ನಿಂದ ಪೂರ್ತಿ ಸರಿಪಡಿಸಲು ಆಗುವುದಿಲ್ಲ. ಪಾಸ್‌ವರ್ಡ್ ಬದಲಿಸುವುದೇ ಪರಿಹಾರ.

ಸಾಮಾನ್ಯವಾಗಿ `Security` ಅಥವಾ `Administrator` ಎಂಬ ಮೆನುವಿನಲ್ಲಿ ಪಾಸ್‌ವರ್ಡ್ ಜಾಗ ಇರುತ್ತದೆ. ಮ್ಯಾನೇಜರ್‌ನಿಂದ ಹದಿನಾರು ಅಕ್ಷರಗಳ ಪಾಸ್‌ವರ್ಡ್ ಮಾಡಿಸಿ. ಆದರೆ ಮೊದಲು ಆ ಪುಟದಲ್ಲಿ ಗರಿಷ್ಠ ಎಷ್ಟು ಅಕ್ಷರ ಅಂತ ಓದಿ. ಕೆಲವು ಮೆಷಿನ್‌ಗಳು ಮಿತಿ ಮೀರಿದ ಅಕ್ಷರಗಳನ್ನು ಏನೂ ಹೇಳದೆ ಕತ್ತರಿಸಿ ಹಾಕುತ್ತವೆ, ಲಾಗಿನ್ ಪುಟ ಮಾತ್ರ ಪೂರ್ತಿ ಪಾಸ್‌ವರ್ಡ್ ತೆಗೆದುಕೊಂಡು ತಪ್ಪು ಅನ್ನುತ್ತದೆ. ಚಿಹ್ನೆಗಳ ವಿಷಯದಲ್ಲೂ ಹೀಗೆ ಆಗುತ್ತದೆ. ಪ್ಯಾನೆಲ್‌ನಲ್ಲೂ ಇದೇ ಪಾಸ್‌ವರ್ಡ್ ಒತ್ತಬೇಕಾದ ಮೆಷಿನ್ ಆದರೆ ಬರೀ ಅಕ್ಷರ ಮತ್ತು ಅಂಕಿ ಸಾಕು, ಉದ್ದ ಸ್ವಲ್ಪ ಜಾಸ್ತಿ ಮಾಡಿ.

ಉಳಿಸಿದ ಕೂಡಲೇ ಆ ಟ್ಯಾಬ್ ಮುಚ್ಚಬೇಡಿ. ಪ್ರೈವೇಟ್ ವಿಂಡೋ ಒಂದನ್ನು ತೆರೆದು ಹೊಸ ಪಾಸ್‌ವರ್ಡ್‌ನಿಂದ ಲಾಗಿನ್ ಆಗಿ. ಆದ ಮೇಲೆ ಹಳೆಯ ಪಾಸ್‌ವರ್ಡ್ ಕೂಡ ಹಾಕಿ ನೋಡಿ, ಅದು ಸೋಲಬೇಕು. ಹೊಸದು ಒಪ್ಪದಿದ್ದರೆ ಮೊದಲ ಟ್ಯಾಬ್ ಇನ್ನೂ ಒಳಗೇ ಇದೆ, ಅಲ್ಲಿಂದ ಸರಿಪಡಿಸಬಹುದು.

ಈಗ ಒಂದು ಮುಖ್ಯ ವಿಷಯ. ಪಾಸ್‌ವರ್ಡ್ ಇಲ್ಲದ ಪ್ರಿಂಟರ್‌ನಿಂದ ಆಗುವ ದೊಡ್ಡ ನಷ್ಟ ಹಾಳೆ ಪೋಲಾಗುವುದಲ್ಲ. ಸ್ಕ್ಯಾನ್ ಫೋಲ್ಡರ್‌ಗೆ ಹೋಗಲು ಪ್ರಿಂಟರ್‌ನೊಳಗೆ ಸರ್ವರ್‌ನ ಒಂದು ಖಾತೆಯ ಹೆಸರು, ಪಾಸ್‌ವರ್ಡ್ ಕೂತಿರುತ್ತದೆ. ಪರದೆಯಲ್ಲಿ ಅದು ಚುಕ್ಕೆಗಳಾಗಿ ಕಾಣುತ್ತದೆ, ಓದಲು ಆಗುವುದಿಲ್ಲ. ಆದರೆ ಅಡ್ಮಿನ್ ಆಗಿ ಒಳಗೆ ಬಂದವನು ಸರ್ವರ್ ವಿಳಾಸವನ್ನು ಮಾತ್ರ ತನ್ನ ಲ್ಯಾಪ್‌ಟಾಪ್‌ನ ವಿಳಾಸಕ್ಕೆ ಬದಲಿಸಿ ಟೆಸ್ಟ್ ಬಟನ್ ಒತ್ತಿದರೆ, ಪ್ರಿಂಟರ್ ಆ ಖಾತೆಯ ಗುಟ್ಟನ್ನು ತಾನಾಗಿಯೇ ಅವನ ಕಡೆ ಕಳಿಸುತ್ತದೆ. ಆದ್ದರಿಂದ ಅಡ್ಮಿನ್ ಪಾಸ್‌ವರ್ಡ್ ಜೊತೆಗೆ ಆ ಸ್ಕ್ಯಾನ್ ಖಾತೆಯನ್ನೂ ನೋಡಿ. ಅದಕ್ಕೆ ಒಂದು ಫೋಲ್ಡರ್‌ನಲ್ಲಿ ಬರೆಯುವ ಅನುಮತಿ ಬಿಟ್ಟು ಬೇರೇನೂ ಇರಬಾರದು. ಸರ್ವರ್‌ನ ಅಡ್ಮಿನ್ ಖಾತೆಯನ್ನೇ ಅಲ್ಲಿ ಕೊಟ್ಟಿರುವುದು ನಿಮ್ಮಲ್ಲೂ ಇದ್ದರೆ ಇವತ್ತೇ ಬದಲಿಸಿ, ಉಳಿದದ್ದೆಲ್ಲ ಆಮೇಲೆ.

## ಹಂತ 3: ಯಾರು ಯಾವ ದಾರಿಯಲ್ಲಿ ಬರುತ್ತಿದ್ದಾರೆ?

ಮೊದಲು ಪ್ರಿಂಟರ್‌ನಲ್ಲಿ ಯಾವ ಬಾಗಿಲು ತೆರೆದಿದೆ ನೋಡಿ.

```
nmap -sT -p 21,23,80,443,515,631,9100 192.168.1.50
sudo nmap -sU -p 161,427,3702,5353,5355 192.168.1.50
```

ಎರಡನೆಯ ಸಾಲು ನಿಧಾನ, ವಿಂಡೋಸ್ ಲ್ಯಾಪ್‌ಟಾಪ್ ಆದರೆ ಅದರಲ್ಲಿ `sudo` ಬಿಟ್ಟು ಓಡಿಸಿ. ಅದರಲ್ಲಿ `open|filtered` ಅಂತ ಬಂದರೆ ತೆರೆದಿದೆ ಅಂತಲೇ ಹೇಳಲು ಬರುವುದಿಲ್ಲ, ಉತ್ತರ ಬರಲಿಲ್ಲ ಅಂತಷ್ಟೇ ಅರ್ಥ. ನಮ್ಮ ಉದಾಹರಣೆಯ ಮೆಷಿನ್‌ನಲ್ಲಿ ಮೊದಲ ಸಾಲಿನ ಏಳೂ ಪೋರ್ಟ್ ತೆರೆದಿವೆ ಅಂದುಕೊಳ್ಳಿ. ಕಾರ್ಖಾನೆಯಿಂದ ಬಂದ ಹಾಗೇ ಇಟ್ಟಿರುವ ಹಳೆಯ ಮೆಷಿನ್‌ಗಳಲ್ಲಿ ಇದೇನೂ ಅಪರೂಪವಲ್ಲ.

ಆಮೇಲೆ ಪ್ರತಿ ವಿಂಡೋಸ್ ಕಂಪ್ಯೂಟರ್‌ನ ಪವರ್‌ಶೆಲ್‌ನಲ್ಲಿ ಇದನ್ನು ಓಡಿಸಿ.

```
Get-Printer | Select-Object Name, PortName
Get-PrinterPort | Select-Object Name, PrinterHostAddress, PortNumber, SNMPEnabled
```

ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಇದು.

```
lpstat -v
```

ವಿಂಡೋಸ್‌ನಲ್ಲಿ `PortName` ಎಂಬಲ್ಲಿ `WSD-` ಎಂದು ಶುರುವಾಗುವ ಉದ್ದನೆಯ ಹೆಸರಿದ್ದರೆ, ಆ ಕಂಪ್ಯೂಟರ್ ಪ್ರಿಂಟರ್‌ನ್ನು ತಾನಾಗಿಯೇ ಹುಡುಕಿಕೊಂಡು ಸೇರಿಸಿದೆ ಎಂದರ್ಥ. ಅದಕ್ಕೆ ಹೀಗೆ ಹುಡುಕಲು ನೆರವಾಗುವ ಡಬ್ಲ್ಯೂಎಸ್‌ಡಿ ಎಂಬ ಪ್ರೋಟೊಕಾಲ್ ಬೇಕೇ ಬೇಕು. ಐಪಿ ವಿಳಾಸ ಕಂಡು, ಪಕ್ಕದಲ್ಲಿ 9100 ಇದ್ದರೆ ಅದು ನೇರ ದಾರಿ. ಮ್ಯಾಕ್‌ನಲ್ಲಿ `dnssd://` ಎಂದಿದ್ದರೆ ಅದು ಬೋಂಜೂರ್ ಮೂಲಕ ಪ್ರಿಂಟರ್ ಹುಡುಕುತ್ತದೆ, ಅಂದರೆ 5353 ಮತ್ತು ಹೆಚ್ಚಾಗಿ 631. `lpd://` ಕಂಡರೆ 515.

ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮ ಆಫೀಸಿನ ಲೆಕ್ಕ ಹೀಗೆ ಬಂತು ಅಂದುಕೊಳ್ಳೋಣ: ಏಳು ವಿಂಡೋಸ್ ಕಂಪ್ಯೂಟರ್ 9100ರಲ್ಲಿ, ಐದು ಡಬ್ಲ್ಯೂಎಸ್‌ಡಿಯಲ್ಲಿ, ಎರಡು ಮ್ಯಾಕ್ ಬೋಂಜೂರ್‌ನಲ್ಲಿ. 515ರಲ್ಲಿ ಬರುವ ಎಲ್‌ಪಿಡಿ ಎಂಬ ಹಳೆಯ ಪ್ರಿಂಟ್ ದಾರಿ, 21ರ ಎಫ್‌ಟಿಪಿ ಎಂಬ ಫೈಲ್ ಕಳಿಸುವ ದಾರಿ, 23ರ ಟೆಲ್ನೆಟ್ ಎಂಬ ದೂರದಿಂದ ಆಜ್ಞೆ ಕೊಡುವ ದಾರಿ, ಇವನ್ನು ಯಾರೂ ಬಳಸುತ್ತಿಲ್ಲ. ಹಳೆಯ ಲೆಕ್ಕಪತ್ರದ ಸಾಫ್ಟ್‌ವೇರ್ ಓಡುವ ಸರ್ವರ್ ಇದ್ದರೆ ಮಾತ್ರ ಅದನ್ನು ಮರೆಯದೆ ನೋಡಿ. ತಿಂಗಳಿಗೊಮ್ಮೆ ಎಲ್‌ಪಿಡಿಯಲ್ಲಿ ಪ್ರಿಂಟ್ ಕೊಡುವುದು ಇಂಥವೇ, ತೊಂದರೆ ಗೊತ್ತಾಗುವುದೂ ತಿಂಗಳ ಕೊನೆಯಲ್ಲೇ.

## ಹಂತ 4: ಮೊದಲು ಕಂಪ್ಯೂಟರ್‌ಗಳನ್ನು ಸರಿಮಾಡಿ

ಈ ಹಂತವನ್ನು ಬಿಟ್ಟುಬಿಡುವುದರಿಂದಲೇ ಬೆಳಗಿನ `Offline` ಗಲಾಟೆ ಆಗುವುದು. ಇದಕ್ಕೆ ಎರಡು ಕಾರಣ.

ಒಂದನೆಯದು ಡಬ್ಲ್ಯೂಎಸ್‌ಡಿ. ಆ ಐದು ಕಂಪ್ಯೂಟರ್‌ಗಳಿಗೆ ಐಪಿ ವಿಳಾಸದ ಪೋರ್ಟ್ ಮಾಡಿಕೊಡಿ.

```
Add-PrinterPort -Name "IP_192.168.1.50" -PrinterHostAddress "192.168.1.50"
Set-Printer -Name "Office Printer" -PortName "IP_192.168.1.50"
```

ಇಲ್ಲಿ `Office Printer` ಇರುವಲ್ಲಿ `Get-Printer` ತೋರಿಸಿದ ಹೆಸರನ್ನೇ ಹಾಕಿ. ಪವರ್‌ಶೆಲ್‌ನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರಬೇಕು. ಕೆಲವೊಮ್ಮೆ ಡಬ್ಲ್ಯೂಎಸ್‌ಡಿಯಲ್ಲಿ ಸೇರಿಸಿದ ಪ್ರಿಂಟರ್ ಪೋರ್ಟ್ ಬದಲಿಸಲು ಒಪ್ಪುವುದಿಲ್ಲ, ಅಥವಾ ಒಪ್ಪಿದ ಮೇಲೆ ಡ್ರೈವರ್ ತಕರಾರು ಮಾಡುತ್ತದೆ. ಅದರ ಜೊತೆ ಗುದ್ದಾಡಬೇಡಿ. ಪ್ರಿಂಟರ್ ತೆಗೆದುಹಾಕಿ, ಐಪಿ ವಿಳಾಸ ಕೊಟ್ಟು ಹೊಸದಾಗಿ ಸೇರಿಸಿ.

ಎರಡನೆಯ ಕಾರಣ ಎಸ್‌ಎನ್‌ಎಂಪಿ, ಅಂದರೆ ಮೆಷಿನ್‌ನ ಸ್ಥಿತಿಯನ್ನು ನೆಟ್‌ವರ್ಕ್‌ನಲ್ಲಿ ಕೇಳಿ ತಿಳಿಯುವ ಪ್ರೋಟೊಕಾಲ್. ಇದನ್ನು ಪ್ರಿಂಟಿಂಗ್‌ಗೆ ಸಂಬಂಧವಿಲ್ಲದ್ದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಜ, ಪ್ರಿಂಟ್ ಇದರಲ್ಲಿ ಹೋಗುವುದಿಲ್ಲ. ಆದರೆ ವಿಂಡೋಸ್ "ಪ್ರಿಂಟರ್ ಇದೆಯಾ?" ಎಂದು ಇದರಲ್ಲಿ ಕೇಳುತ್ತದೆ. ಉತ್ತರ ಬರದಿದ್ದರೆ ಪ್ರಿಂಟರ್ ಸರಿಯಾಗಿದ್ದರೂ `Offline` ಎಂದು ತೀರ್ಮಾನಿಸಿ, ಕಳಿಸಿದ್ದನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿಬಿಡುತ್ತದೆ. ಹನ್ನೆರಡೂ ಕಂಪ್ಯೂಟರ್‌ಗಳಲ್ಲಿ `Printer properties` ತೆರೆದು, `Ports` ಟ್ಯಾಬ್‌ನಲ್ಲಿ `Configure Port` ಒತ್ತಿ, `SNMP Status Enabled` ಪಕ್ಕದ ಟಿಕ್ ತೆಗೆಯಿರಿ. ಮುಗಿದ ಮೇಲೆ ಹಿಂದಿನ `Get-PrinterPort` ಸಾಲನ್ನು ಮತ್ತೆ ಓಡಿಸಿ, ಈ ಪ್ರಿಂಟರ್‌ನ ಐಪಿ ಇರುವ ಸಾಲಿನಲ್ಲಿ `SNMPEnabled` ಎಂಬುದು `False` ಆಗಿದೆಯೇ ನೋಡಿ.

ಪ್ರತಿ ಕಂಪ್ಯೂಟರ್‌ನಿಂದ ಒಂದು ಪರೀಕ್ಷೆಯ ಹಾಳೆ ತೆಗೆದು, ಒಂದು ಪೂರ್ತಿ ಕೆಲಸದ ದಿನ ಹಾಗೇ ಬಿಡಿ. ಪ್ರಿಂಟರ್‌ನಲ್ಲಿ ಇನ್ನೂ ಏನನ್ನೂ ಮುಚ್ಚಿಲ್ಲ. ಹಾಗಾಗಿ ಈಗ ತೊಂದರೆ ಬಂದರೆ ಅದು ಕಂಪ್ಯೂಟರ್ ಕಡೆಯದು, ಹುಡುಕುವುದು ಸುಲಭ.

## ಹಂತ 5: ಒಂದೊಂದಾಗಿ ಮುಚ್ಚಿ

`Network` ಮೆನುವಿನ `Protocol` ಪುಟಕ್ಕೆ ಹೋಗಿ. ಅಪಾಯ ಕಡಿಮೆ ಇರುವುದರಿಂದ ಶುರು ಮಾಡಿ, ಎರಡು ಮೂರು ಮುಚ್ಚಿದ ಮೇಲೆ ಒಂದು ವಿಂಡೋಸ್, ಒಂದು ಮ್ಯಾಕ್, ಒಂದು ಸ್ಕ್ಯಾನ್ ಪರೀಕ್ಷೆ ಮಾಡಿ. ಏನಾದರೂ ನಿಂತರೆ ಕಾರಣ ಆ ಎರಡು ಮೂರರಲ್ಲೇ ಇರುತ್ತದೆ.

ಮೊದಲ ಸುತ್ತು ಟೆಲ್ನೆಟ್ ಮತ್ತು ಎಫ್‌ಟಿಪಿ. ಟೆಲ್ನೆಟ್‌ಗೆ ಯೋಚನೆಯೇ ಬೇಡ. ಎಫ್‌ಟಿಪಿಯಲ್ಲಿ ಗೊಂದಲ ಆಗುತ್ತದೆ, "ನಾವು ಸ್ಕ್ಯಾನ್ ಎಫ್‌ಟಿಪಿಗೆ ಕಳಿಸುತ್ತೇವಲ್ಲ?" ಎಂದು. ಪ್ರೋಟೊಕಾಲ್ ಪುಟದಲ್ಲಿರುವುದು ಸಾಮಾನ್ಯವಾಗಿ ಹೊರಗಿನವರು ಪ್ರಿಂಟರ್‌ಗೆ ಫೈಲ್ ಕಳಿಸುವ ಬಾಗಿಲು. ಪ್ರಿಂಟರ್ ತಾನೇ ಹೊರಗೆ ಕಳಿಸುವುದು ಬೇರೆ. ಬಹಳ ಮಾದರಿಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಸ್ವಿಚ್ ಇದೆ. ಅನುಮಾನವಿದ್ದರೆ ಆಫ್ ಮಾಡಿ ಒಂದು ಸ್ಕ್ಯಾನ್ ಕಳಿಸಿ ನೋಡಿ.

ಎರಡನೇ ಸುತ್ತಿಗೆ ಎಲ್‌ಪಿಡಿ, ಜೊತೆಗೆ ನೆಟ್‌ವರ್ಕ್‌ನಲ್ಲಿ ಮೆಷಿನ್ ಅಥವಾ ಅದರ ಹೆಸರು ಹುಡುಕಲು ಬಳಸುವ ಎಸ್‌ಎಲ್‌ಪಿ, ಎಲ್‌ಎಲ್‌ಎಂಎನ್‌ಆರ್. ನಮ್ಮ ಹಾಳೆಯಲ್ಲಿ ಇವನ್ನು ಬಳಸುವವರು ಇಲ್ಲ. ಕಂಪನಿಯ ಸ್ವಂತ ಹುಡುಕುವ ಟೂಲ್‌ಗಳು ಎಸ್‌ಎಲ್‌ಪಿ ಬಳಸುವುದುಂಟು, ಮುಚ್ಚಿದರೆ ಆ ಟೂಲ್‌ಗೆ ಐಪಿ ವಿಳಾಸ ಕೈಯಾರೆ ಕೊಡಬೇಕಾಗಬಹುದು.

ಮೂರನೆಯದಾಗಿ ಡಬ್ಲ್ಯೂಎಸ್‌ಡಿ. ಹಿಂದಿನ ಹಂತ ಮುಗಿಸಿದ್ದರೆ ಇಲ್ಲಿ ಏನೂ ಆಗುವುದಿಲ್ಲ. ಬೋಂಜೂರ್ ಮತ್ತು 631ನ್ನು ಮ್ಯಾಕ್‌ಗಳಿಗಾಗಿ ಉಳಿಸಿ. ಫೋನಿನಿಂದ ಪ್ರಿಂಟ್ ಕೊಡುವವರಿದ್ದರೂ ಇವು ಬೇಕು. 80ನ್ನು ಮುಚ್ಚುವುದಕ್ಕಿಂತ, `https` ಕಡೆಗೆ ತಿರುಗಿಸುವ ಆಯ್ಕೆ ಇದ್ದರೆ ಅದನ್ನು ಹಾಕುವುದು ಒಳ್ಳೆಯದು.

ಕೊನೆಯಲ್ಲಿ ಎಸ್‌ಎನ್‌ಎಂಪಿ. ಇದರ ಹಳೆಯ ಆವೃತ್ತಿಗಳು `SNMP v1/v2c` ಎಂದು ಕಾಣುತ್ತವೆ. ಅವುಗಳಲ್ಲಿ ಪಾಸ್‌ವರ್ಡ್ ಜಾಗದಲ್ಲಿ ಕಮ್ಯುನಿಟಿ ಎಂಬ ಒಂದು ಪದ ಇರುತ್ತದೆ, ಅದೂ ನೆಟ್‌ವರ್ಕ್‌ನಲ್ಲಿ ಬಯಲಾಗಿ ಓಡಾಡುತ್ತದೆ. ಸಾಮಾನ್ಯವಾಗಿ ಅದು `public`. ಬರೆಯುವ ಅನುಮತಿಯೂ ತೆರೆದಿದ್ದರೆ ವೆಬ್ ಪಾಸ್‌ವರ್ಡ್ ಎಷ್ಟೇ ಗಟ್ಟಿ ಇರಲಿ, ಈ ಕಡೆಯಿಂದ ಸೆಟ್ಟಿಂಗ್ ಬದಲಿಸಬಹುದು. ಟೋನರ್ ಮಟ್ಟ ನೋಡುವ ಸಾಫ್ಟ್‌ವೇರ್ ಯಾವುದೂ ಇಲ್ಲದಿದ್ದರೆ ಎಸ್‌ಎನ್‌ಎಂಪಿಯನ್ನೇ ಆಫ್ ಮಾಡಿ. ಇದ್ದರೆ, ಆ ಸಾಫ್ಟ್‌ವೇರ್‌ಗೆ `SNMPv3` ಬರುತ್ತದೆಯೇ ನೋಡಿ ಅದೊಂದನ್ನೇ ಉಳಿಸಿ. ಬರದಿದ್ದರೆ ಓದಲು ಮಾತ್ರ ಬಿಟ್ಟು, `public` ಬದಲಿಗೆ ಬೇರೆ ಪದ ಹಾಕಿ. ಈ ಮೂರನೆಯದು ರಾಜಿ ಅಷ್ಟೇ, ಭದ್ರತೆ ಅಂತ ಅಂದುಕೊಳ್ಳಬೇಡಿ.

## ಹಂತ 6: 9100ಕ್ಕೆ ಬೇಲಿ

ಈಗ 9100 ಇನ್ನೂ ತೆರೆದಿದೆ, ವಿಂಡೋಸ್ ಕಂಪ್ಯೂಟರ್‌ಗಳೆಲ್ಲ ಅಲ್ಲೇ ಬರುತ್ತವೆ. ಈ ದಾರಿಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ತಲುಪಿದ ಯಾರು ಬೇಕಾದರೂ ಪ್ರಿಂಟ್ ಕೊಡಬಹುದು. ಜೊತೆಗೆ ಪಿಜೆಎಲ್ ಎಂಬ ಆಜ್ಞೆಗಳನ್ನೂ ಕಳಿಸಬಹುದು, ಕೆಲವು ಮೆಷಿನ್‌ಗಳಲ್ಲಿ ಅದರಿಂದ ಒಳಗಿನ ಫೈಲ್ ಕೂಡ ಓದಬಹುದು. ಅಡ್ಮಿನ್ ಪಾಸ್‌ವರ್ಡ್ ಈ ದಾರಿಯನ್ನು ಕಾಯುವುದಿಲ್ಲ.

ಪ್ರಿಂಟರ್‌ನಲ್ಲಿ `IP Filter` ಅಥವಾ `Access Control` ಎಂಬ ಪುಟ ಹುಡುಕಿ. ಆಫೀಸಿನ ಕಂಪ್ಯೂಟರ್‌ಗಳ ವಿಳಾಸಗಳಿಗೆ ಮಾತ್ರ ಅನುಮತಿ ಕೊಡಿ. ಅತಿಥಿಗಳ ವೈಫೈ ಬೇರೆ ವಿಳಾಸಗಳಲ್ಲಿದ್ದರೆ ಅದು ತಾನಾಗಿಯೇ ಹೊರಗುಳಿಯುತ್ತದೆ. ಪಟ್ಟಿಗೆ ಮೊದಲು ಸೇರಿಸಬೇಕಾದದ್ದು ನೀವು ಈಗ ಕೂತಿರುವ ಕಂಪ್ಯೂಟರ್‌ನ ವಿಳಾಸ. ಅದನ್ನು ಬಿಟ್ಟು ಉಳಿಸಿದರೆ ಆ ಕ್ಷಣಕ್ಕೇ ನೀವೇ ಹೊರಗೆ. ಆಮೇಲೆ ಪ್ಯಾನೆಲ್ ಮುಂದೆ ನಿಂತು ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಮಾಡಬೇಕಾಗುತ್ತದೆ.

ವೈಫೈ ಡೈರೆಕ್ಟ್ ಇದ್ದರೆ ಆಫ್ ಮಾಡಿ. ಅದು ಪ್ರಿಂಟರ್ ತಾನೇ ಹೊರಡಿಸುವ ವೈಫೈ, ಕೆಲವು ಮಾದರಿಗಳಲ್ಲಿ ಅದರ ಮೊದಲ ಪಾಸ್‌ವರ್ಡ್ `12345678`. ನೀವು ಹಾಕಿದ ರೌಟರ್ ನಿಯಮ ಒಂದೂ ಅದಕ್ಕೆ ಅನ್ವಯಿಸುವುದಿಲ್ಲ. ರೌಟರ್‌ನಲ್ಲೂ ಒಮ್ಮೆ ನೋಡಿ, ಈ ಐಪಿಗೆ ಇಂಟರ್ನೆಟ್ ಕಡೆಯಿಂದ ಯಾವುದೇ ಪೋರ್ಟ್ ತಿರುಗಿಸಿರಬಾರದು.

## ಹಂತ 7: ರೀಸ್ಟಾರ್ಟ್ ಮಾಡಿ, ಮತ್ತೆ ಅಳೆಯಿರಿ

ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಕೆಲವು ಬದಲಾವಣೆಗಳು ರೀಸ್ಟಾರ್ಟ್ ಆಗುವ ತನಕ ಜಾರಿಗೆ ಬರುವುದಿಲ್ಲ. ಆಮೇಲೆ ಮೂರನೇ ಹಂತದ ಎನ್‌ಮ್ಯಾಪ್ ಸಾಲುಗಳನ್ನು ಮತ್ತೆ ಓಡಿಸಿ. ನಮ್ಮ ಮೆಷಿನ್‌ನ ಮೊದಲ ಪಟ್ಟಿಯಲ್ಲಿ 443, 631, 9100 ಮತ್ತು ತಿರುಗಿಸುವ ಕೆಲಸಕ್ಕೆ 80, ಇಷ್ಟೇ ಉಳಿಯಬೇಕು. ಎಸ್‌ಎನ್‌ಎಂಪಿಗೆ ಎನ್‌ಮ್ಯಾಪ್‌ನ ಎರಡನೆಯ ಸಾಲಿಗಿಂತ ಇದು ನಂಬಿಕಸ್ಥ:

```
snmpget -v1 -c public 192.168.1.50 1.3.6.1.2.1.1.1.0
```

`Timeout` ಬಂದರೆ ಸರಿ. ಪ್ರಿಂಟರ್‌ನ ಮಾದರಿ ಹೆಸರು ಬಂದರೆ `public` ಇನ್ನೂ ಬದುಕಿದೆ. ಬೇಲಿ ಕೆಲಸ ಮಾಡುತ್ತಿದೆಯೇ ಅಂತ ನೋಡಲು, ಅನುಮತಿ ಪಟ್ಟಿಯಲ್ಲಿ ಇಲ್ಲದ ಒಂದು ವಿಳಾಸದಿಂದಲೂ ಎನ್‌ಮ್ಯಾಪ್ ಓಡಿಸಿ. ಅಲ್ಲಿಂದ 9100 ತೆರೆದಿರುವಂತೆ ಕಾಣಬಾರದು.

## ಏನಾದರೂ ತಪ್ಪಿದರೆ ಹೀಗೆ ಕಾಣುತ್ತದೆ

ವಿಂಡೋಸ್‌ನಲ್ಲಿ `Offline`, ಆದರೆ ಬ್ರೌಸರ್‌ನಲ್ಲಿ ಪ್ರಿಂಟರ್ ಪುಟ ತೆರೆಯುತ್ತದೆ: ಆ ಕಂಪ್ಯೂಟರ್‌ನಲ್ಲಿ ಎಸ್‌ಎನ್‌ಎಂಪಿ ಟಿಕ್ ಉಳಿದಿದೆ, ಇಲ್ಲವೇ ಅದು ಇನ್ನೂ ಡಬ್ಲ್ಯೂಎಸ್‌ಡಿ ಪೋರ್ಟ್‌ನಲ್ಲಿದೆ. ಪ್ರಿಂಟರ್ ಪುಟವೂ ತೆರೆಯದಿದ್ದರೆ ಐಪಿ ಬದಲಾಗಿದೆಯೇ, ಆ ಕಂಪ್ಯೂಟರ್ ಅನುಮತಿ ಪಟ್ಟಿಯಲ್ಲಿದೆಯೇ ನೋಡಿ.

ಮ್ಯಾಕ್‌ಗಳಿಗೆ ಮಾತ್ರ ಕಾಣುತ್ತಿಲ್ಲ ಎಂದರೆ ಬೋಂಜೂರ್ ಅಥವಾ 631 ಕೈತಪ್ಪಿ ಆಫ್ ಆಗಿದೆ.

ಹಳೆಯ ಪಾಸ್‌ವರ್ಡ್‌ನಿಂದಲೇ ಲಾಗಿನ್ ಆಗುತ್ತಿದ್ದರೆ, ಅಥವಾ 23 ಮತ್ತೆ ತೆರೆದಿದ್ದರೆ, ಯಾರೋ ಮೆಷಿನ್ ರೀಸೆಟ್ ಮಾಡಿರಬಹುದು. ರಿಪೇರಿಗೆ ಬಂದವರು ಬೋರ್ಡ್ ಬದಲಿಸಿದಾಗ ಅಥವಾ ಫ್ಯಾಕ್ಟರಿ ರೀಸೆಟ್ ಕೊಟ್ಟಾಗ ಇದು ಆಗುತ್ತದೆ, ಅವರು ಹೇಳಿಯೇ ಹೋಗುತ್ತಾರೆ ಅಂತೇನಿಲ್ಲ. ಕೊನೆಯ ಎನ್‌ಮ್ಯಾಪ್ ಫಲಿತಾಂಶವನ್ನು ಉಳಿಸಿಟ್ಟು, ಪ್ರತಿ ರಿಪೇರಿ ಮತ್ತು ಪ್ರತಿ ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ಹೊಸದನ್ನು ಅದರೊಂದಿಗೆ ಹೋಲಿಸಿ.

ಸ್ಕ್ಯಾನ್ ಸೆಟ್ಟಿಂಗ್‌ನಲ್ಲಿ ನಿಮಗೆ ಪರಿಚಯವಿಲ್ಲದ ಸರ್ವರ್ ವಿಳಾಸ ಕಂಡರೆ ಅದನ್ನು ಬರೀ ತಿದ್ದಿ ಸುಮ್ಮನಾಗಬೇಡಿ. ಸ್ಕ್ಯಾನ್ ಖಾತೆಯ ಪಾಸ್‌ವರ್ಡ್ ಹೊರಗೆ ಹೋಗಿದೆ ಎಂದೇ ತಿಳಿದು, ಮೊದಲು ಸರ್ವರ್‌ನಲ್ಲಿ ಅದನ್ನು ಬದಲಿಸಿ. ಪ್ರಿಂಟರ್ ಲಾಗ್‌ನ ಒಂದು ಪ್ರತಿ ಉಳಿಸಿಕೊಳ್ಳಿ. ಮೆಷಿನ್‌ನ್ನು ರೀಸೆಟ್ ಮಾಡಿ ಎರಡನೇ ಹಂತದಿಂದ ಶುರು ಮಾಡುವುದು ಆಮೇಲಿನ ಕೆಲಸ.